ಬೀಗತಿಯ ಹೊಸ ಗಡಿಗೆ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಕರ್ರಗಿನ ತುಂಬುಗೂದಲು, ಹಣೆ ಮಾತ್ರ ನನ್ನದೇ. ಆಸ್ಪತ್ರೆಯಿಂದ ಸುದ್ದಿ ತಂದ ಮಗನ ಬಾಯಿಗೆ ಸಕ್ಕರೆ ಹಾಕಿದೆ, ಮಹಡಿಯ ಎಂಟೂ ಖೋಲಿಗೆ ಹಂಚಿದೆ. ನಾಲ್ಕನೇ ಇಯತ್ತೆ ಕಲಿತವಳು ನಾನು, ಆ ಸಂತೋಷವನ್ನು ಬರೆಯುವ ಶಬ್ದ ನನ್ನಲ್ಲಿಲ್ಲ.

ಮುಂಬೈಯ ಆಂಟಾಪ್ ಹಿಲ್‌ನಲ್ಲಿ ನಮ್ಮದು ಒಂದು ಖೋಲಿ, ಒಂದು ಅಡಗಿಮನೆ. ಚೊಚ್ಚಲ ಬಾಣಂತನ ತವರಿನದು. ಆದರೆ ಸೊಸೆ ರೈಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ವಿಜಾಪುರದಿಂದ ಅವಳ ತಾಯಿಯೇ ಬಂದಳು. ಬೀಗತಿ ಬಂದ ದಿನದಿಂದ ನನ್ನ ಮಗ ಮನೆ ಹೊಕ್ಕೊಡನೆ ‘ಅತ್ತಿ, ಚಹಾ ಆತೇನ್ರಿ?’ ಅನ್ನತೊಡಗಿದ. ಇಪ್ಪತ್ತಾರು ವರ್ಷ ಅವನಿಗೆ ಚಹಾ ಕಾಸಿದವಳು ನಾನು. ಹೊಟ್ಟೆ ಉರಿಯದೆ ಏನಾದೀತು?

ಬಾಣಂತಿ ಮನೆಗೆ ಬಂದಾಗ ಮೊದಲ ಬೆಳ್ಳುಳ್ಳಿ ಸಾರು ನನ್ನ ಗಡಿಗೆಯಲ್ಲೇ ಕುದಿಯಬೇಕು ಎಂದು ಮನಸ್ಸು ಮಾಡಿದ್ದೆ. ನನ್ನವ್ವ ಕೊಟ್ಟ ಗಡಿಗೆ ಅದು, ನನ್ನ ಬಾಣಂತನದ ಸಾರು ಕುದಿದದ್ದೂ ಅದರಲ್ಲೇ. ಅಟ್ಟದಿಂದ ಇಳಿಸಿ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಪೂರಾ ಒಣಗುವ ಮೊದಲೇ ಬಾಯಿ ಮುಚ್ಚಿ ಇಟ್ಟಿದ್ದೆ. ಒಂದು ಮಳೆಗಾಲ ಸಾಕಾಯಿತು.

ಬೀಗತಿ ಸೆರಗನ್ನು ಮೂಗಿಗೆ ಹಿಡಿದಳು. “ಅಕ್ಕಾರ, ಇದರಾಗ ಇಲಿ ಸಂಸಾರ ಮಾಡಿತ್ತೇನ್ರಿ? ಇರ್ಲಿ ಬಿಡ್ರಿ, ನಾ ಹೊಸಾದು ತಂದೇನಿ.”

ಚೀಲದಿಂದ ಅವಳು ತೆಗೆದದ್ದು ಧಾರಾವಿ ಕುಂಬಾರರ ಕೆಂಪು ಗಡಿಗೆ. ಬಡಿದರೆ ಟಣ್ ಅನ್ನುವಂಥದ್ದು.

ಆ ಸಿಟ್ಟಿನಲ್ಲೇ ನಾನು ತಪ್ಪು ಮಾಡಿದೆ. ಹಳೆಯ ಗಡಿಗೆಯನ್ನು ದಪ್ಪ ಉಪ್ಪು ಹಾಕಿ ತೆಂಗಿನ ನಾರಿನಿಂದ ಉಜ್ಜಬೇಕು, ತಿನ್ನುವ ಸೋಡಾ ಕಲಸಿದ ಬೆಚ್ಚನೆ ನೀರು ತುಂಬಿ ಒಂದು ರಾತ್ರಿ ಬಿಡಬೇಕು, ಆಮೇಲೆ ತೊಳೆದು ಬಾಯಿ ತೆರೆದು ಬಿಸಿಲಿಗಿಡಬೇಕು. ಗೊತ್ತಿತ್ತು. ಆದರೂ ಬೇಗ ಗೆಲ್ಲಬೇಕೆಂದು ಬಟ್ಟೆ ಒಗೆಯುವ ಸಾಬೂನಿನ ಪುಡಿ ಸುರುವಿ ತಿಕ್ಕಿದೆ. ಮಣ್ಣು ಅದನ್ನೂ ಕುಡಿಯಿತು. ನೀರು ಕಾಸಿ ನೋಡಿದರೆ ಮುಗ್ಗಲಿನ ಜೊತೆಗೆ ಸಾಬೂನಿನ ವಾಸನೆ. ಬರೀ ನೀರು ನಾಲ್ಕು ಸಲ ಕುದಿಸಿ ಚೆಲ್ಲಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸದೆ ಅದು ಹೋಗುವಂತಿರಲಿಲ್ಲ. ಹೊರಗೆ ಜಡಿಮಳೆ, ಬಾಣಂತಿ ಬರುವುದು ನಾಡಿದ್ದು.

ಅದೇ ಸಂಜೆ ಬೀಗತಿ ತನ್ನ ಗಡಿಗೆಯನ್ನು ಸೆರಗಿನಿಂದ ಒರೆಸಿ, ಒಮ್ಮೆ ಕಾಸಿ ನೋಡಲೆಂದು ಪಂಪಿನ ಸ್ಟೋವ್ ಹಚ್ಚಿ ಮೇಲಿಟ್ಟಳು. ಅವಳದು ಕಿರಾಣಿ ವ್ಯಾಪಾರದ ಮನೆ, ಹಿತ್ತಾಳೆ ಪಾತ್ರೆಯಲ್ಲೇ ಅಡಿಗೆ. ಮಣ್ಣಿನ ಗಡಿಗೆ ಪಳಗಿಸಿ ಗೊತ್ತಿಲ್ಲ. ಒಣ ಹೊಸ ಗಡಿಗೆ, ಕೆಳಗೆ ಭುಸುಗುಡುವ ಉರಿ. ಒಡೆಯಲಿ ಎಂದು ಸುಮ್ಮನೆ ಕೂತೆ. ನಿಜ ಹೇಳುತ್ತೇನೆ, ಬಿರುಕಿನ ಸಪ್ಪಳಕ್ಕೆ ಕಿವಿ ಕೊಟ್ಟೇ ಕೂತೆ.

ಆಮೇಲೆ ಹೊಳೆಯಿತು: ಇದೂ ಒಡೆದರೆ ಬಾಣಂತಿಗೆ ಅಲ್ಯೂಮಿನಿಯಂ ಡಬರಿಯ ಸಾರೇ ಗತಿ. ಅವಳ ಹಾಲು ಕುಡಿಯುವುದು ನನ್ನ ಹಣೆ ಹೊತ್ತ ಕೂಸು.

“ಇಳಸ್ರಿ ಅದನ್ನ,” ಅಂದೆ. “ಗಡಿಗಿ ಇನ್ನೂ ನೀರ ಕುಡದಿಲ್ಲ.”

“ನೀರು ಕುಡಿಯಾಕ ಅದೇನು ಎಮ್ಮಿನ?”

“ಎಮ್ಮಿಗಿಂತ ಹೆಚ್ಚು ಕುಡಿತೈತಿ. ನೋಡ್ರಿ.”

ಬಿಸಿ ಪೂರಾ ಆರಿದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿದೆ. ಸಣ್ಣ ಗುಳ್ಳೆಗಳು ಬುಳುಬುಳು ಎದ್ದವು. ಬೀಗತಿ ಬಗ್ಗಿ ನೋಡಿದಳು, ತಾನೇ ಬಕೆಟ್ಟಿಗೆ ಇನ್ನಷ್ಟು ನೀರು ಸುರಿದಳು. ನನಗೆ ತುಪ್ಪ ಉಂಡಂತಾಯಿತು.

ಮರುದಿನ ಗಡಿಗೆ ತೆಗೆದು ನೆರಳಲ್ಲಿ ಆರಿಸಿದೆ. ಒಳಗೆ ಎಣ್ಣೆ ಸವರಿ, ಅಕ್ಕಿ ತೊಳೆದ ನೀರನ್ನು ಮುಕ್ಕಾಲು ತುಂಬಿದೆ. ಬತ್ತಿ ಸ್ಟೋವಿನ ಮೇಲೆ ಕಬ್ಬಿಣದ ತವೆ, ತವೆಯ ಮೇಲೆ ಗಡಿಗೆ. ಉರಿ ಸಣ್ಣಗೆ. ಗಂಜಿನೀರು ತಾಸುಗಟ್ಟಲೆ ಮೆಲ್ಲಗೆ ಕುದಿದು ಮಣ್ಣಿನ ಸಂದು ತುಂಬಬೇಕು. ಉರಿ ಆರಿಸಿದ ಮೇಲೆ ಅದು ತಾನಾಗಿ ತಣ್ಣಗಾಗಬೇಕು, ಕೂಡಲೇ ತಣ್ಣೀರು ಮುಟ್ಟಿಸಿದರೆ ಸೀಳುತ್ತದೆ. ಬೀಗತಿ ಒಂದು ತಾಸಿಗೇ ಮೂರು ಸಲ “ಆತೇನ್ರಿ?” ಅಂದಳು. ಮೂರೂ ಸಲ “ಇನ್ನೂ ಇಲ್ಲ,” ಅಂದೆ.

ಬಾಣಂತಿ ಬಂದ ದಿನ ಸಾರು ಮಾಡಿದವಳು ಬೀಗತಿ, ಹಕ್ಕು ಅವಳದು. ಸಂಜೆ ಎಲ್ಲರೂ ಒಂದೇ ಸಾಲಿಗೆ ಕೂತೆವು. ಸೊಸೆ ಗೋಡೆಗೆ ಒರಗಿ, ತೊಡೆಯ ಮೇಲೆ ಕೂಸು.

“ಅತ್ತಿ, ಭಾರಿ ಆಗೇದ,” ಅಂದ ನನ್ನ ಮಗ. “ನಿಮ್ಮ ಗಡಿಗಿ ರುಚೀನ ಬ್ಯಾರೆ.”

ಬೀಗತಿ “ಇನ್ನೊಂದೀಟು ಹಾಕ್ಕೋಪಾ,” ಅಂದಳೇ ಹೊರತು ಪಳಗಿಸಿದವರು ಯಾರು ಅನ್ನಲಿಲ್ಲ. ಅಷ್ಟರಲ್ಲಿ ಸೊಸೆ ತಟ್ಟೆ ಮುಂದೆ ಚಾಚಿದಳು. ಬೀಗತಿಯೂ ಎದ್ದಳು, ನಾನೂ ಎದ್ದೆ. ಸೌಟು ನನ್ನ ಕೈಗೆ ಮೊದಲು ಸಿಕ್ಕಿತು. ತಟ್ಟೆ ತುಂಬಾ ಬಡಿಸಿ, ಬೀಗತಿಯ ಪಕ್ಕದಲ್ಲೇ ಬಂದು ಕೂತು ಉಂಡೆ. ಸಾರು ನಿಜಕ್ಕೂ ಛಲೋ ಆಗಿತ್ತು. ಅವಳಿಗೆ ಹೇಳಲಿಲ್ಲ, ಇನ್ನೊಮ್ಮೆ ಹಾಕಿಕೊಂಡೆ.