ಕಾಯಿ ಬೀಳುವ ಜಾಗ

ನನ್ನೆದುರು ಒಂದು ಡ್ರಾಯಿಂಗ್ ಹಾಳೆಯಿದೆ. ಇಪ್ಪತ್ತು ಸೆಂಟಿಮೀಟರ್ ಉದ್ದ, ಹದಿನೈದು ಅಗಲದ ಒಂದು ಆಯತ, ಒಳಗೆ ಮೂರ್ನಾಲ್ಕು ಗುರುತು, ಬಲಗಡೆ ಮೇಲೆ ಒಂದು ಬಾಣ. ಬರೆದವಳು ಏಳನೇ ಕ್ಲಾಸಿನ ಹುಡುಗಿ. ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ಶಾಲೆಯ ಕಾಂಪೌಂಡನ್ನು ಮಕ್ಕಳು ಅಳೆದು ಬರೆದ ನಕ್ಷೆ ಇದು. ಈ ನಕ್ಷೆಯ ಕತೆಯನ್ನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣ್ಣಗಾಗಿದೆ. ಹಾಳೆ ಮೊನ್ನೆ ಹಳೆಯ ಟ್ರಂಕಿನಲ್ಲಿ ಸಿಕ್ಕಿತು, ನನ್ನ ಕತೆಗೂ ಅದಕ್ಕೂ ತಾಳೆಯಾಗುತ್ತಿಲ್ಲ. ಆದ್ದರಿಂದ ಹಾಳೆಯನ್ನು ನೋಡಿಕೊಂಡು ಮತ್ತೆ ಬರೆಯುತ್ತಿದ್ದೇನೆ.

ಶುರುವಾದದ್ದು ಉತ್ತರ ದಿಕ್ಕಿನಿಂದ. ಉತ್ತರ ಎಲ್ಲಿದೆ ಎಂದು ಕೇಳಿದೆ. ಇಡೀ ಕ್ಲಾಸು ಹೆಂಚಿನ ಕಡೆ ಬೆರಳು ತೋರಿಸಿತು. ಗೋಡೆಗೆ ನೇತುಹಾಕಿದ ಭಾರತದ ನಕ್ಷೆಯಲ್ಲಿ ಉತ್ತರ ಮೇಲಿತ್ತು, ಹಾಗಾಗಿ ಉತ್ತರವೆಂದರೆ ಆಕಾಶ. ಗೋಡೆಯ ನಕ್ಷೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದೆ. ಆಮೇಲೆ ಕೇಳಿದೆ, "ರಾತ್ರಿ ಯಾವ ಕಡೆ ತಲೆ ಹಾಕಿ ಮಲಗಬಾರದು?"

"ಬಡಗ್ಲಿಗೆ ಸಾ!" ಒಂದೇ ಉಸಿರಿಗೆ ಎಲ್ಲರೂ ಹೊರಗಿನ ಗೋಡೆಯತ್ತ ಕೈ ಮಾಡಿದರು. ಒಬ್ಬರ ಕೈಯೂ ತಪ್ಪಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತು, ಅದಕ್ಕೆ ಪುಸ್ತಕದ ಹೆಸರಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಕಾರ್ತಿಕದ ಬಿಸಿಲಿನಲ್ಲಿ ಅಂಗಳಕ್ಕೆ ಒಂದು ಕೋಲು ನೆಟ್ಟು, ನಡುಮಧ್ಯಾಹ್ನ ನೆರಳು ಎಲ್ಲಕ್ಕಿಂತ ಗಿಡ್ಡವಾದಾಗ ಅದರ ಮೇಲೆ ಗೆರೆ ಎಳೆದೆವು. ಗೆರೆ ಬಡಗಲ ಗೋಡೆಗೇ ಹೋಗಿ ಮುಟ್ಟಿತು. ನಕ್ಷೆಯನ್ನು ನೆಲದಲ್ಲಿ ತಿರುಗಿಸಿ ಅದರ ಬಾಣವನ್ನು ಗೆರೆಗೆ ಸರಿ ಮಾಡಿದಾಗ ಒಬ್ಬ ಹುಡುಗ, "ಹಂಗಾದ್ರೆ ಹಿಮಾಲಯ ನಮ್ ತೋಟದ ಕಡೆ ಐತೆ ಕಣ್ಲಾ" ಎಂದ.

ಅಳತೆಗೆ ಟೇಪು ಇರಲಿಲ್ಲ. ತೆಂಗಿನ ನಾರಿನ ಹುರಿ ಯಾರ ಮನೆಯಲ್ಲಿಲ್ಲ? ಮೀಟರಿಗೊಂದು ಕೆಂಪು ಬಟ್ಟೆಯ ಚೂರು ಕಟ್ಟಿ ಎರಡು ಗುಂಪಿಗೂ ಒಂದೊಂದು ಹುರಿ ಕೊಟ್ಟೆ. ಒಂದೇ ಗೋಡೆ. ಹುಡುಗರು ಮೂವತ್ತೆಂಟು ಮೀಟರ್ ಅಂದರು, ಹುಡುಗಿಯರು ನಲವತ್ತೊಂದು.

"ನೀವು ಸುಳ್ಳು ಎಣಿಸೀರಿ."

"ನೀವು ಹಗ್ಗ ಎಳೆದು ಎಳೆದು ಹಸು ಕಟ್ಟೋ ಹಂಗೆ ಮಾಡೀರಿ, ಅದು ಉದ್ದ ಆಗೈತೆ!"

ಹಾಗೆ ಅಂದವಳು ಈ ನಕ್ಷೆ ಬರೆದ ಹುಡುಗಿ, ಅವಳು ಹೇಳಿದ್ದು ನಿಜ. ನಾರು ಎಳೆದರೆ ಹಿಗ್ಗುತ್ತದೆ. ಹಿಗ್ಗಿದ ಹುರಿಯಲ್ಲಿ ಒಂದೊಂದು ಮೀಟರೂ ಮೀಟರಿಗಿಂತ ಹೆಚ್ಚು, ಹಾಗಾಗಿ ಲೆಕ್ಕ ಕಡಿಮೆ ಬಂತು. ಅವಳ ಗುಂಪಿನ ಹುರಿ ನಡುವೆ ಜೋತುಬಿದ್ದಿತ್ತು, ಅದಕ್ಕೇ ಹೆಚ್ಚು ಬಂತು. ಬಟ್ಟೆ ಅಂಗಡಿಯವರ ಕಬ್ಬಿಣದ ಮೀಟರು ತಂದು, ಅದಕ್ಕೆ ಹಿಡಿದು ಎರಡು ಮೀಟರಿನ ಬಿದಿರುಗಳನ್ನು ಕತ್ತರಿಸಿದೆವು. ಬಿದಿರು ಎಳೆದರೂ ಹಿಗ್ಗದು, ಬಿಟ್ಟರೂ ಜೋಲದು. ಮೂಡಲಿಂದ ಪಡುವಲಿಗೆ ಇಪ್ಪತ್ತು ಬಿದಿರು, ಬಡಗಲಿಂದ ತೆಂಕಲಿಗೆ ಹದಿನೈದು, ಮೂಲೆಯಿಂದ ಮೂಲೆಗೆ ಇಪ್ಪತ್ತೈದು. ಅಂದರೆ ಮೂಲೆಗಳು ಲಂಬಕೋನದಲ್ಲಿವೆ. ಇಷ್ಟು ಅಚ್ಚುಕಟ್ಟಾದ ಸಂಖ್ಯೆಗಳನ್ನು ನಾನೇ ಹುಟ್ಟಿಸಿದೆನೇನೋ ಎಂದು ಈವರೆಗೆ ಅನುಮಾನವಿತ್ತು. ಹಾಳೆಯ ಅಂಚಿನಲ್ಲಿ ಅವು ಹುಡುಗಿಯ ಅಕ್ಷರದಲ್ಲೇ ಇವೆ.

ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಬರೆಯಲು ಹೋದರೆ ಹಾಳೆ ಸಾಲದು. ಹತ್ತು ಮೀಟರಿಗೆ ಒಂದು ಎಂದರೆ ಕ್ಲಾಸ್‌ರೂಮು ಹುಣಸೇಬೀಜಕ್ಕಿಂತ ಸಣ್ಣದು. ಎರಡು ಮೀಟರಿಗೆ ಒಂದು ಸೆಂಟಿಮೀಟರ್, ಅಂದರೆ ಒಂದು ಬಿದಿರಿಗೆ ಒಂದು, ಎಂದು ಮಕ್ಕಳೇ ತೀರ್ಮಾನಿಸಿದರು.

ಇಲ್ಲಿಯವರೆಗೆ ಪಾಠ. ಇನ್ನು ಮುಂದಿನದು ನೀರಿನಜ್ಜಿಯ ವಿಷಯ.

ಶಾಲೆ ಗುಡಿಸಿ, ಬಾವಿಯಿಂದ ಸೇದಿ ಕುಡಿಯುವ ನೀರು ತುಂಬುತ್ತಿದ್ದವಳನ್ನು ಮಕ್ಕಳು ನೀರಿನಜ್ಜಿ ಎನ್ನುತ್ತಿದ್ದರು. ಅವಳಿಗೆ ಸಂಬಳವೆಂಬುದಿರಲಿಲ್ಲ. ಕಾಂಪೌಂಡಿನೊಳಗೆ ಬಡಗಲ ಗೋಡೆಯ ಹತ್ತಿರ ಒಂದು ತೆಂಗಿನ ಮರವಿತ್ತು, ಅದರ ಕಾಯಿ, ಗರಿ, ಒಲೆಗಾಗುವ ಎಡೆಮಟ್ಟೆ ಎಲ್ಲ ಅವಳಿಗೆ. ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವಳ ಅತ್ತೆಯೂ ಹಾಗೆಯೇ ಗುಡಿಸಿದ್ದಳಂತೆ. ಆ ಗರಿಯ ಕಡ್ಡಿಯಿಂದಲೇ ಪೊರಕೆ ಕಟ್ಟಿ ಆ ಮರದ ಬುಡವನ್ನೇ ಗುಡಿಸುತ್ತಿದ್ದಳು.

ಆ ವರ್ಷ ಹೊಸ ಕೋಣೆ ಮಂಜೂರಾಯಿತು. ಶಾಲಾ ಕಮಿಟಿಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ. ಬಂದವರು ಬಡಗಲ ಗೋಡೆಯ ಬಳಿ ನಿಂತು ಹೇಳಿದರು: "ಕೋಣೆ ಇಲ್ಲೇ ಆಗ್ಬೇಕು. ಮರ ತೆಗೀಬೇಕಾಗ್ತದೆ. ಫಲ ಬಿಡೋ ಮರ ಕಡೀಬಾರ್ದು, ನಂಗೂ ಗೊತ್ತು. ಮಕ್ಕಳ ಕೋಣೆಗೆ ಅಂದ್ರೆ ಪಾಪ ಹತ್ತಾದಿಲ್ಲ ಬುಡಿ."

ಅಜ್ಜಿ ಬಾವಿಯ ಹತ್ತಿರ ನಿಂತು ಕೇಳಿಸಿಕೊಂಡಳು. ಬಿಂದಿಗೆ ತುಂಬಿತ್ತು, ಎತ್ತಲಿಲ್ಲ.

"ಒಂದು ವಾರ ಕೊಡಿ, ಅಳತೆ ಮಾಡಿಸ್ತಿದ್ದೀನಿ" ಎಂದೆ. ಕೋಣೆ ಗೋಡೆ ಸೇರಿ ಎಂಟು ಮೀಟರ್ ಉದ್ದ, ಆರು ಅಗಲ. ಅದೇ ಸ್ಕೇಲಿಗೆ ನಾಲ್ಕು ಮೂರರ ಒಂದು ಕಾಗದದ ಚೂರು ಕತ್ತರಿಸಿ ಹುಡುಗಿಯ ಕೈಗೆ ಕೊಟ್ಟೆ. ಮರದ ಬುಡ ಬಡಗಲ ಗೋಡೆಯಿಂದ ಒಂಬತ್ತು ಮೀಟರ್. ನಕ್ಷೆಯಲ್ಲಿ ನಾಲ್ಕೂವರೆ ಸೆಂಟಿಮೀಟರ್ ಕೆಳಗೆ ಒಂದು ಚುಕ್ಕೆ. ಅವಳು ಕಾಗದದ ಕೋಣೆಯನ್ನು ಗೋಡೆಗೂ ಚುಕ್ಕೆಗೂ ನಡುವೆ ಸರಿಸಿದಳು. ಕೂತಿತು, ಇನ್ನೂ ಒಂದೂವರೆ ಸೆಂಟಿಮೀಟರ್ ಮಿಕ್ಕಿತು.

"ಮೂರು ಮೀಟರ್ ಮಿಕ್ತದೆ ಸಾ! ಮರ ಕಡಿಯಂಗಿಲ್ಲ!"

ಮಕ್ಕಳೆಲ್ಲ ಕುಣಿದರು. ನಾನೂ ಮನಸ್ಸಿನಲ್ಲಿ ಕುಣಿದೆ. ಪೆನ್ಸಿಲಿನಲ್ಲಿ ಕೋಣೆಯ ಸುತ್ತ ಗೆರೆ ಎಳೆಸಿ, ಹಾಳೆಯನ್ನು ಹಿಡಿದು ಅಧ್ಯಕ್ಷರಿಗೆ ತೋರಿಸಿದೆ. ಅವರು ಚುಕ್ಕೆಯನ್ನು ಉಗುರಿನಿಂದ ಮುಟ್ಟಿ, "ಕಾಗದದ ಮ್ಯಾಲೆ ಹಿಡೀತದೆ ಕಣ್ರೀ. ಆಯ್ತು, ಸೋಮವಾರ ಪಾಯದ ಗೆರೆ ಹಾಕಿಸಾನ" ಎಂದರು.

ಶಿಬಿರಗಳಲ್ಲಿ ನಾನು ಹೇಳುವ ಕತೆಯಲ್ಲಿ ಇಲ್ಲಿ ನನಗೆ ಏನೋ ಹೊಳೆಯುತ್ತದೆ. ನಾನು ತಲೆಯೆತ್ತಿ ಮರ ನೋಡುತ್ತೇನೆ. ಹಾಳೆ ಹಾಗೆ ಹೇಳುವುದಿಲ್ಲ. ಬಡಗಲ ಗೋಡೆಯ ಬಳಿ ರಬ್ಬರಿನಲ್ಲಿ ಉಜ್ಜಿದ ಗುರುತಿದೆ, ಅದರಡಿ ಕೋಣೆಯ ನಾಲ್ಕು ಗೆರೆ ಈಗಲೂ ಮಸುಕಾಗಿ ಕಾಣುತ್ತದೆ. ನಾನು ಒಪ್ಪಿಸಿಬಿಟ್ಟಿದ್ದೆ, ಅಳಿಸಿದ್ದು ಆಮೇಲೆ.

ನೋಡಿದವಳು ಅಜ್ಜಿ. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಹುಡುಗಿ ಅವಳಿಗೆ ನಕ್ಷೆ ತೋರಿಸುತ್ತಿದ್ದಳು. ಅಜ್ಜಿಗೆ ಓದು ಬಾರದು. ಹುಡುಗಿ ಹಾಳೆಯನ್ನು ನೆಲಕ್ಕಿಟ್ಟು ಬಾಣವನ್ನು ಬಡಗಲಿಗೆ ತಿರುಗಿಸಿದಳು, ಅಷ್ಟಕ್ಕೆ ಅಜ್ಜಿ ಬಾವಿ ಯಾವುದು, ಬಾವುಟದ ಕಂಬ ಯಾವುದು ಎಂದು ತಾನೇ ಗುರುತಿಸಿದಳು. ಚುಕ್ಕೆಯ ಹತ್ತಿರ ಅವಳ ಬೆರಳು ನಿಂತಿತು.

"ಇದೇನವ್ವ?"

"ನಿನ್ ಮರ."

"ಇದು ಬುಡ ಕಣವ್ವ. ಮರ ಎಲ್ಲೈತೆ?"

ಹುಡುಗಿ ನನ್ನತ್ತ ನೋಡಿದಳು. "ಮರ ಅಂದರೆ ಅಲ್ಲೇ ಅಜ್ಜಿ, ಬುಡ ಇರೋ ಕಡೆ" ಎಂದೆ ನಾನು, ಮೇಷ್ಟ್ರ ದನಿಯಲ್ಲಿ.

"ಅಯ್ಯೋ ಮೇಷ್ಟ್ರೇ, ದಿನಾ ಗುಡ್ಸೋಳು ನಾನು. ಬುಡುಕ್ಕೆ ಒಂದ್ ಕಾಯಾದ್ರೂ ಬಿದ್ದೈತಾ ಕೇಳಿ" ಎಂದು ಪೊರಕೆ ಎತ್ತಿಕೊಂಡು ಹೊರಟಳು. ಬುಡದಿಂದ ಬಡಗಲಿಗೆ ನಾಲ್ಕೈದು ಹೆಜ್ಜೆ ನಡೆದು, ತಲೆಯೆತ್ತಿ ಒಮ್ಮೆ ನೋಡಿ, ಪೊರಕೆಯ ಹಿಡಿಯಿಂದ ಧೂಳಿನಲ್ಲಿ ದೊಡ್ಡದೊಂದು ಸುತ್ತು ಎಳೆದಳು. "ಇಷ್ಟ್ರೊಳಗೆ ಬೀಳ್ತದೆ. ನಿಮ್ ಕೋಣೆ ಇಲ್ಲೇ ತಾನೆ? ಒಂದ್ ಮಳೆಗಾಲ ಹೆಂಚು ಒಡೀತದೆ. ಆಮ್ಯಾಕೆ ಕಡೀತೀರಿ. ಅದೇನ್ ಇವತ್ತೇ ಕಡೀರಲ್ಲ!"

ಆ ಮರ ಬಡಗಲಿಗೆ ಬಾಗಿತ್ತು. ದಿನವೂ ಅದರಡಿ ಓಡಾಡುವ ಮಕ್ಕಳಲ್ಲಿ ಒಬ್ಬರೂ ಆ ಸುತ್ತಿನೊಳಗೆ ನಿಲ್ಲುತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು. ಆದರೆ ತೋಟದಲ್ಲಿ ಸಸಿ ಇಡುವಾಗ ಗುಂಡಿಯಿಂದ ಗುಂಡಿಗೆ ಅಳೆದವರ ಮಕ್ಕಳು ಅವರು. ಅಳತೆ ಎಂದ ಕೂಡಲೇ ಬುಡಕ್ಕೆ ಹೋದರು. ನಾನು ತೆಂಗಿನ ಸೀಮೆಯಲ್ಲೇ ಹುಟ್ಟಿ ಅದನ್ನೇ ಸರಿ ಎಂದೆ.

ಹುಡುಗಿ ಬಿದಿರು ತಂದಳು. ಸುತ್ತಿನ ನಡುವಿನಿಂದ ಗೋಡೆಗೆ ಐದು ಮೀಟರ್, ನಡುವಿನಿಂದ ಅಂಚಿಗೆ ಎರಡು. ನನಗೆ ಸಮಾಧಾನವಾಗಲಿಲ್ಲ. ಗಾರೆಯವರು ಗೋಡೆ ನೋಡುವಂತೆ ದಾರಕ್ಕೆ ಕಲ್ಲು ಕಟ್ಟಿ, ದೂರ ನಿಂತು, ದಾರವನ್ನು ಮರದ ತಲೆಗೆ ಸರಿಯಾಗಿ ಹಿಡಿದು ಅದು ನೆಲದಲ್ಲಿ ಎಲ್ಲಿಗೆ ಬರುತ್ತದೆ ಎಂದು ನೋಡಿ, ಆ ಕಡೆಗೆ ಗೆರೆ ಎಳೆಸಿದೆ. ಮೂಡಲಿಂದ ಒಮ್ಮೆ, ತೆಂಕಲಿಂದ ಒಮ್ಮೆ. ಎರಡು ಗೆರೆ ಕೂಡಿದ್ದು ಅಜ್ಜಿಯ ಸುತ್ತಿನ ನಟ್ಟನಡುವೆ. ಅಜ್ಜಿ ಅಷ್ಟು ಹೊತ್ತಿಗೆ ಅಂಗಳದ ಉಳಿದರ್ಧ ಗುಡಿಸಿ ಮುಗಿಸಿದ್ದಳು.

ಈಗ ಹಾಳೆಯಲ್ಲಿ ಚುಕ್ಕೆಯ ಮೇಲೆ ಎರಡು ಸೆಂಟಿಮೀಟರ್ ದೂರಕ್ಕೆ ಒಂದು ಸುತ್ತು ಬಂತು. ಕಾಗದದ ಕೋಣೆಯನ್ನು ಎಲ್ಲಿಟ್ಟರೂ ಒಂದಲ್ಲ ಒಂದು ಅಡ್ಡ. ಬಾವಿ, ಹಳೆಯ ಕಟ್ಟಡ, ಗೇಟಿನ ದಾರಿ. ಉಳಿದದ್ದು ಪಡುವಲ ಗೋಡೆಯ ಒಂದೇ ಜಾಗ, ಕಬಡ್ಡಿ ಅಂಕಣ. ಹುಡುಗಿ ಚೂರನ್ನು ಅಲ್ಲಿಟ್ಟು ಕೈ ತೆಗೆದಳು. ಅಲ್ಲಾದರೆ ಬಾಗಿಲನ್ನು, ಊರವರು ಶುಭವೆನ್ನುವಂತೆ, ಮೂಡಲಿಗೆ ಇಡಲೂ ಆಗುತ್ತಿತ್ತು. ಸೋಮವಾರ ಬೆಳಿಗ್ಗೆ ಹುಡುಗರು ಬಗ್ಗಿ ನೋಡಿದರು.

"ಸಾ, ಕಬಡ್ಡಿ ಎಲ್ಲಾಡಾದು?"

"ಅಜ್ಜೀ ಮರ ಕಡದ್ರೇ ವಾಸಿ ಕಣ್ಲಾ" ಎಂದ ಇನ್ನೊಬ್ಬ, ಮೆಲ್ಲಗೆ. ಹುಡುಗಿ ಅವನತ್ತ ತಿರುಗಿ, "ನಿನ್ ಕುಡ್ಯೋ ನೀರು ನೀನೇ ಸೇದ್ಕೊ ಹೋಗು" ಎಂದಳು.

ಅಧ್ಯಕ್ಷರಿಗೆ ನಾನು ತಪ್ಪು ನಕ್ಷೆ ತೋರಿಸಿದ್ದೆ ಎಂದು ಹೇಳಬೇಕಿತ್ತು. ಗಾರೆಯವರು ಬಂದು ಕೂತಿದ್ದರು. ಹೇಳಿದೆ. ಅಧ್ಯಕ್ಷರು ಅಂಗಳದಲ್ಲಿ ಇನ್ನೂ ಉಳಿದಿದ್ದ ಪೊರಕೆಯ ಸುತ್ತನ್ನು ನೋಡಿದರು, ಮೇಲೆ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಮೊದ್ಲೇ ಹೇಳ್ಬಾರ್ದಾಗಿತ್ತೇನ್ರೀ" ಎಂದು ನನ್ನನ್ನು ಕೇಳಿದರು. ಅಜ್ಜಿ ಹೇಳಿದ್ದು ಎಂದು ನಾನು ಅನ್ನಬಹುದಾಗಿತ್ತು. ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೆ ನೆನಪಿರುತ್ತಿತ್ತು.

ಪಾಯ ಪಡುವಲಲ್ಲಿ ತೋಡಿದರು. ಹುಡುಗರು ಕೆರೆ ಏರಿಯ ಕೆಳಗೆ ಹೊಸ ಅಂಕಣ ಮಾಡಿಕೊಂಡರು, ಅಲ್ಲಿ ಕಲ್ಲು ಹೆಚ್ಚು, ಮಂಡಿ ತರಚಿಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಿದ್ದರು, ಬೇಕೆಂದೇ.

ಹಾಳೆಯ ಕೆಳಗೆ ಸಂಕೇತಗಳ ಪಟ್ಟಿಯಿದೆ. ಬಾವಿ, ಕಂಬ, ಕಟ್ಟಡ, ಮರದ ಬುಡ. ಕೊನೆಯ ಸಾಲಿನಲ್ಲಿ ಒಂದು ಸುತ್ತು, ಅದರೆದುರು 'ಕಾಯಿ ಬೀಳುವ ಜಾಗ'. ಅಂಥ ಸಂಕೇತ ಯಾವ ಪುಸ್ತಕದಲ್ಲೂ ಇಲ್ಲ, ಇನ್ಸ್‌ಪೆಕ್ಟರು ಬರುವ ಮೊದಲು ಅಳಿಸು ಎಂದಿದ್ದೆ. ಅವಳು ಅಳಿಸಲಿಲ್ಲ.

ಪಾಯ ತೋಡಿದ ದಿನ ಅಜ್ಜಿ ಒಂದು ಕಾಯಿ ಒಡೆದು, ಚೂರು ಮಾಡಿ, ಕಬಡ್ಡಿ ಹುಡುಗರಿಗೆ ಹಂಚಿದಳು. "ನಿಮ್ ಆಟದ ಜಾಗ ತಿಂದೆ ಕಣ್ರಪ್ಪಾ, ನನ್ ಕಾಯಿ ತಿನ್ನಿ." ಜೊತೆಗೆ ಬೆಲ್ಲವನ್ನೂ ಕೊಟ್ಟಳು ಎಂದು ಶಿಬಿರಗಳಲ್ಲಿ ಹೇಳುತ್ತಿದ್ದೆ. ಬೆಲ್ಲ ನಾನು ಸೇರಿಸಿದ್ದಿರಬೇಕು. ಕಾಯಿ ಇತ್ತು.