ಮಾತಿಲ್ಲದ ಮಣೆ

ನಾಟಕ ಕಂಪನಿಗೆ ವರ್ಷಗಟ್ಟಲೆ ಮಾತು ಬರೆದಿದ್ದ ಗುರುಶಾಂತಪ್ಪ, ಕಂಪನಿ ಮುಚ್ಚಿದ ಮೇಲೆ ಹೆಂಡತಿ ಅಮ್ಮಣ್ಣಿಯ ಜೊತೆ ತ್ಯಾಗರಾಜನಗರದಲ್ಲಿ ಬಾಡಿಗೆ ಮನೆ ಹಿಡಿದು ಸಿನಿಮಾ ಸಂಭಾಷಣೆಗೆ ಇಳಿದಿದ್ದರು. ಅವರು ಬರೆದ ಮಾತಿಗೆ ಮುಂದಿನ ಬೆಂಚಿನ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆಯುತ್ತಿದ್ದರು. ಆ ಶಿಳ್ಳೆಯೇ ಅವರ ಆಸ್ತಿ.

ಅರವತ್ತಾರನೇ ಇಸವಿಯಲ್ಲಿ ನಿರ್ದೇಶಕ ಸೋಮಲಿಂಗಪ್ಪ ಜಯನಗರದ ಒಂದು ಮಹಡಿ ಮನೆಯಲ್ಲಿ ಹೊಸ ಚಿತ್ರದ ಚರ್ಚೆಗೆ ಕರೆದರು. ಕಥೆ ಪಂಕಜಾ ಎಂಬ ಕಾಲೇಜು ಉಪಾಧ್ಯಾಯಿನಿಯದು. ಮಾಸಪತ್ರಿಕೆಗಳಲ್ಲಿ ನಾಲ್ಕಾರು ಕಥೆ ಬರೆದಿದ್ದ ಆಕೆಗೆ ಮೂವತ್ತೂ ತುಂಬಿರಲಿಲ್ಲ. ಸೋಮಲಿಂಗಪ್ಪ ಅವಳಿಗೆ ಕುರ್ಚಿ ಎಳೆದು ಕೊಟ್ಟದ್ದನ್ನು ನೋಡಿದಾಗಲೇ ಗುರುಶಾಂತಪ್ಪನವರ ಎದೆಯಲ್ಲಿ ಏನೋ ಚುರುಕ್ಕೆಂದಿತು.

ಕಥೆ ಸರಳವಾಗಿತ್ತು. ಅಪ್ಪ ಸತ್ತ ಮೇಲೆ, ಅವನು ಊಟಕ್ಕೆ ಕೂರುತ್ತಿದ್ದ ಹಲಸಿನ ಮಣೆಯನ್ನು ಅತ್ತಿಗೆ ಚಿಕ್ಕ ಮೈದುನನಿಗೆ ಹಾಕುತ್ತಾಳೆ. ಅವನು ಬೆಳೆದು, ಜಗಳವಾಡಿ ಮನೆ ಬಿಟ್ಟು ಹೋಗುತ್ತಾನೆ. ವರ್ಷಗಳ ನಂತರ ಬಂದು ಬಾಗಿಲಲ್ಲಿ ನಿಂತಾಗ ಅತ್ತಿಗೆ ಅದೇ ಮಣೆ ಹಾಕುತ್ತಾಳೆ. ಅಷ್ಟೇ.

ಅದನ್ನು ದೃಶ್ಯಗಳಾಗಿ ಒಡೆದು ಮಾತು ಬರೆಯುವ ಕೆಲಸ ಗುರುಶಾಂತಪ್ಪನವರಿಗೆ ಬಂತು. ಪಂಕಜಾ ಬರೆದಿದ್ದರಲ್ಲಿ ನಡುವೆ ಇನ್ನೂ ಎರಡು ಕಡೆ ಮಣೆ ಬರುತ್ತಿತ್ತು. ‘ಉದ್ದವಾಗುತ್ತೆ’ ಎಂದು ತಮಗೆ ತಾವೇ ಹೇಳಿಕೊಂಡು ಎರಡನ್ನೂ ಹೊಡೆದುಹಾಕಿದರು. ಕೊನೆಗೆ ಅತ್ತಿಗೆಯ ಬಾಯಲ್ಲಿ ಎರಡು ಪುಟದ ಮಾತಿಟ್ಟರು. ಅದನ್ನು ಬರೆದ ದಿನ ಅವರಿಗೆ ಊಟ ರುಚಿಸಿತು.

ಮುಂದಿನ ಚರ್ಚೆಯಲ್ಲಿ ಅವರು ಅದನ್ನು ಓದಿ ಮುಗಿಸಿದಾಗ ಸೋಮಲಿಂಗಪ್ಪ ಹುಬ್ಬು ಗಂಟಿಕ್ಕಿದರು. “ಮಾತು ಚೆನ್ನಾಗಿದೆ ಗುರುಶಾಂತಪ್ಪನೋರೆ. ಆದ್ರೆ ಈ ಮಣೆ ಎಲ್ಲಿಂದ ಬಂತು? ನನಗೇ ಮರೆತುಹೋಗಿತ್ತು.”

“ಅದಕ್ಕೇ ಸಾರ್ ಮಾತಲ್ಲಿ ನೆನಪು ಮಾಡ್ಸಿದೀನಿ.”

“ಬಾಯಲ್ಲಿ ಹೇಳ್ಬೇಕಾಗಿ ಬಂತು ಅಂದ್ರೆ, ನಾವು ತೋರಿಸಿಲ್ಲ ಅಂತ ಅರ್ಥ ಅಲ್ವಾ ಮೇಷ್ಟ್ರೇ?” ಎಂದಳು ಪಂಕಜಾ, ಮೆಲ್ಲಗೆ.

ಅವಳು ದೃಶ್ಯದ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು. ಮಣೆ ಇರುವ ಹಾಳೆಗಳ ಮೇಲೆ ಒಂದೊಂದು ಹುಣಸೇಬೀಜ ಇಟ್ಟಳು. ಮೊದಲಲ್ಲಿ ಒಂದು, ಕೊನೆಯಲ್ಲಿ ಒಂದು. ನಡುವೆ ಬರಿದೇ ಬಿಳಿ ಹಾಳೆಗಳ ಉದ್ದನೆಯ ಸಾಲು. ತನ್ನ ದೃಶ್ಯಗಳು ಎಲ್ಲಿ ಹೋದವೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಗುರುಶಾಂತಪ್ಪ ಜಗಳಕ್ಕೆ ಸಿದ್ಧರಾಗಿ ಕೂತರು.

“ನಾನು ಬರೆದಿದ್ದೂ ಸರಿಯಿರ್ಲಿಲ್ಲ ಬಿಡಿ,” ಎಂದಳು ಅವಳು. “ಅತ್ತಿಗೆ ಮಣೆ ತಬ್ಕೊಂಡು ಅಳ್ತಾಳೆ ಅಂತ ಬರೆದಿದ್ದೆ. ಜಾಸ್ತಿಯಾಯ್ತು. ಇಲ್ಲಿ ಏನಾಗ್ಬೇಕು, ನೀವೇ ಹೇಳಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಔದಾರ್ಯ ಅವರ ಮೈಯನ್ನೆಲ್ಲ ಉರಿಸಿತು. ಇವಳಿಗಿಂತ ಒಳ್ಳೆಯದನ್ನು ಈ ಕ್ಷಣ ಕೊಡಬೇಕು, ಇವಳ ಕಥೆಯಲ್ಲಿ ತನ್ನದೊಂದು ಗೂಟ ಹೊಡೆಯಬೇಕು ಎಂಬ ಹಟ ಹುಟ್ಟಿತು.

“ಅಳೋದೇ ಬೇಡ,” ಎಂದರು. “ಮೈದುನ ಹೋದ ಮೇಲೆ ಮಣೆ ಗೋಡೆಗೆ ಒರಗಿರ್ಲಿ. ಒಂದಿನ ಊಟದ ಹೊತ್ತು ಅವಳ ಮಗನೇ ಅದನ್ನ ಎಳ್ಕೊಂಡು ಕೂತ್ಕೋತಾನೆ. ಅವಳು ಅವನನ್ನ ಎಬ್ಬಿಸಿ ಬೇರೆ ಮಣೆ ಕೊಡ್ತಾಳೆ. ಬೈಯೋದಿಲ್ಲ, ಆ ಮಣೆ ಕಡೆ ನೋಡೋದೂ ಇಲ್ಲ. ಸಾರು ಬಡಿಸ್ತಾಳೆ.”

ಪಂಕಜಾ ನಡುವಿನ ಹಾಳೆಯ ಮೇಲೆ ಒಂದು ಬೀಜ ಇಟ್ಟಳು. ಎರಡನೆಯದನ್ನು ಕೈಗೆ ತೆಗೆದುಕೊಂಡು, ಯೋಚಿಸಿ, ಕೆಳಗಿಟ್ಟುಬಿಟ್ಟಳು. “ಇದೊಂದೇ ಸಾಕು. ಇನ್ನೊಂದಿಟ್ರೆ ನಾವು ತೋರಿಸ್ತಿದೀವಿ ಅಂತ ಗೊತ್ತಾಗ್ಬಿಡುತ್ತೆ.”

ಸೋಮಲಿಂಗಪ್ಪ ಕೊನೆಯ ದೃಶ್ಯ ತಿರುವಿ ಹಾಕಿ, ಪೆನ್ನು ತೆಗೆದು ಆ ಎರಡು ಪುಟದ ಮೇಲೆ ಅಡ್ಡಗೆರೆ ಎಳೆದರು. “ಇನ್ನು ಈ ಮಾತು ಬೇಕಾಗಿಲ್ಲ. ಮಣೆ ಹಾಕ್ತಾಳೆ, ಅವನು ಕೂತ್ಕೋತಾನೆ. ಮುಗೀತು.”

ಅದು ಸರಿಯೆಂದು ಗುರುಶಾಂತಪ್ಪನವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಂದು ಬಸ್ಸಿಗೂ ಕಾಯದೆ ಬಿರಬಿರನೆ ನಡೆದೇ ಮನೆಗೆ ಹೋದರು.

ಚಿತ್ರ ಬಿಡುಗಡೆಯಾದಾಗ ಅಮ್ಮಣ್ಣಿಯನ್ನು ಕರೆದುಕೊಂಡು ಮೆಜೆಸ್ಟಿಕ್ಕಿಗೆ ಹೋದರು. ಕಥೆ ಪಂಕಜಾ, ಸಂಭಾಷಣೆ ಗುರುಶಾಂತಪ್ಪ ಎಂದು ಪರದೆಯ ಮೇಲೆ ಬಂತು. ಕೊನೆಯಲ್ಲಿ ಮಣೆ ನೆಲಕ್ಕೆ ತಾಗಿದ ಸಣ್ಣ ಸದ್ದಾಯಿತು. ಒಂದು ಶಿಳ್ಳೆಯೂ ಬೀಳಲಿಲ್ಲ. ಹೆಂಗಸರ ಸಾಲಿನಲ್ಲಿ ಬಿಕ್ಕುವುದು ಕೇಳಿಸಿತು. ಅಮ್ಮಣ್ಣಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ಬಂದ ಮೇಲೆ ಅವಳೆಂದಳು: “ಆಯಮ್ಮ ಎಷ್ಟ್ ಚೆನ್ನಾಗ್ ಬರೆದಿದ್ದಾರೇರೀ.”

“ಮಗು ಮಣೆ ಮೇಲೆ ಕೂತ್ಕೊಳ್ಳೋದು ನಂದು,” ಎಂದರು ಗುರುಶಾಂತಪ್ಪ.

ಅಮ್ಮಣ್ಣಿ ನಿಜವಾಗಿಯೂ ಅಚ್ಚರಿಪಟ್ಟಳು. “ಅದ್ರಲ್ಲಿ ಮಾತೇ ಇರ್ಲಿಲ್ವಲ್ರೀ?”

ಆಮೇಲೆಯೂ ಅವರು ಪಂಕಜಾ ಜೊತೆ ಮೂರು ಚಿತ್ರ ಮಾಡಿದರು. ಅವಳ ಹೊಸ ಕಥೆ ಕೈಗೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ಅದೇ ಉರಿ. ಎಲ್ಲಿ ತಪ್ಪಿದ್ದಾಳೆಂದು ಹುಡುಕುತ್ತ ಓದುವರು. ತಪ್ಪು ಸಿಕ್ಕಿದರೆ ಖುಷಿಪಟ್ಟು, ರಾತ್ರಿಯೆಲ್ಲ ಕೂತು ಅದನ್ನು ಸರಿಮಾಡಿ ಕೊಡುವರು.