ಐದು ತುಣುಕು ಮಾಡಿದ ಸಂಚಿಕೆ

ನಮ್ಮ ಸಂಘದ ಕಾರ್ಯದರ್ಶಿಗಳು ಬೆಂಗಳೂರಿಗೆ ಹೋಗಿ ತರಬೇತಿ ಮುಗಿಸಿಕೊಂಡು ಬಂದರು. ಒಂದೇ ದಿನದ ತರಬೇತಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಹಗಲಿನಲ್ಲೇ ಹಿಡಿದರು, ಮರುದಿನ ನಾನು ಆಫೀಸಿನ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಕೂಗಿದರು: "ಅಕ್ಕಾರ, ಇನ್ನ ಮ್ಯಾಲೆ ಉದ್ದುದ್ದ ಯಾರೂ ಓದಂಗಿಲ್ರಿ!"

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ ಅದು. ಹೂವಿನಹಡಗಲಿಯ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಮಲ್ಲಿಗೆ ಬೆಳೆಗಾರರ ಸಂಘ. ನಾನು ಕೊಟ್ಟೂರಿನಿಂದ ಬಸ್ಸಿಗೆ ಬಂದು ಸಂಘದ ಸುದ್ದಿಪತ್ರಿಕೆ ಬರೆಯುತ್ತಿದ್ದೆ. ಹದಿನೈದು ದಿನಕ್ಕೊಂದು ಸಂಚಿಕೆ. ಹೂವಿನ ವ್ಯಾಪಾರಿಗಳಿಗೆ, ದೂರದ ಊರುಗಳಲ್ಲಿದ್ದ ನಮ್ಮ ಕಡೆಯವರಿಗೆ ಇಮೇಲಿನಲ್ಲಿ ಹೋಗುತ್ತಿತ್ತು, ಸಂಘದ ವೆಬ್‌ಸೈಟಿನಲ್ಲೂ ಇರುತ್ತಿತ್ತು. ಓದುವವರು ಬಹಳ ಇರಲಿಲ್ಲ, ನಿಜ. ಆದರೆ ಓದುವವರು ಪೂರ್ತಿ ಓದುತ್ತಿದ್ದರು.

ಕಾರ್ಯದರ್ಶಿಗಳು ಕಲಿತು ಬಂದಿದ್ದು ಇಷ್ಟು. ಪ್ರತಿ ಸಂಚಿಕೆಯಿಂದ ನಾಲ್ಕೈದು ತುಣುಕು ತೆಗೆಯಬೇಕು. ನೂರಾ ನಲವತ್ತು ಅಕ್ಷರದೊಳಗೆ ಒಂದೊಂದು. ಪ್ರತಿಯೊಂದರ ಕೊನೆಗೂ ಒತ್ತಿದರೆ ಸಂಚಿಕೆಗೆ ಹೋಗುವ ಕೊಂಡಿ, ಅಂದರೆ ಲಿಂಕು. ಎಲ್ಲವನ್ನೂ ಒಂದೇ ದಿನ ಕೂತು ಒಂದು ತಾಣಕ್ಕೆ ತುಂಬಿ, ಯಾವುದು ಎಂದು ಹೋಗಬೇಕು ಅಂತ ದಿನ, ಹೊತ್ತು ಕೊಟ್ಟುಬಿಟ್ಟರೆ ಆಯಿತು, ತಮ್ಮಷ್ಟಕ್ಕೆ ತಾವೇ ಹೋಗಿ ಇಂಟರ್ನೆಟ್ಟಿನಲ್ಲಿ ಸಂಘದ ಗೋಡೆಗೆ ಅಂಟಿಕೊಳ್ಳುತ್ತವೆ, ಮಂದಿ ಅಲ್ಲೇ ಓದುತ್ತಾರೆ. "ಕರೆಂಟ್ ಹೋದ್ರೂ ತುಣುಕು ಹೋಕ್ಕಾವ್ರಿ!" ಅಂದರು. ದಿನಕ್ಕೆ ಆರು ತಾಸು ಕರೆಂಟ್ ತೆಗೆಯುವ ಊರಿನಲ್ಲಿ ಇದಕ್ಕಿಂತ ದೊಡ್ಡ ಪವಾಡ ಬೇಕೆ?

ಕೆಲಸ ಕೆಟ್ಟದ್ದೇನಲ್ಲ. ಮೊದಲ ಸಂಚಿಕೆಗಳಿಗೆ ತುಣುಕು ನಾನೇ ಬರೆದೆ. ಕೊಂಡಿ ಒತ್ತದೆ ಆ ಒಂದು ಸಾಲನ್ನಷ್ಟೇ ಓದಿ ಎದ್ದು ಹೋದವನಿಗೂ ತಪ್ಪು ತಿಳಿಯಬಾರದು, ಅಷ್ಟೇ ನನ್ನ ಲೆಕ್ಕ. ನಮ್ಮ ಕಾರ್ಯದರ್ಶಿ ಸಾಹೇಬರಿಗೆ ಹಿಡಿಸಲಿಲ್ಲ. "ಉಪ್ಪಿಲ್ಲ, ಖಾರ ಇಲ್ಲ, ಬಾಣಂತಿ ಊಟ ಆತಲ್ರಿ ಇದು! ಓದಿದಾನ ಎದಿ ಝಲ್ ಅನ್ಬೇಕು" ಅಂತ ಆ ಕೆಲಸವನ್ನು ತಾವೇ ತಗೊಂಡರು. ತಗೊಳ್ಳಲಿ ಬಿಡು ಅಂತ ಬಿಟ್ಟೆ.

ಆಗಲೇ ಬಂದದ್ದು ಹಂಪಸಾಗರದ ಕಡೆಯ ಹೆಣ್ಣುಮಗಳೊಬ್ಬಳ ಸಂಗತಿ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಮೈದುನ ನುಂಗಲು ನೋಡಿದ್ದ. ಆಕೆ ಬಿಟ್ಟುಕೊಡದೆ ಮಲ್ಲಿಗೆ ಹಚ್ಚಿ, ದಿನಾ ಮುಂಜಾನೆ ಬುಟ್ಟಿ ಕಟ್ಟಿ ಹರಪನಹಳ್ಳಿಯ ವ್ಯಾಪಾರಿಗೆ ಬಸ್ಸಿನ ಮೇಲೆ ಕಳಿಸುತ್ತಿದ್ದಳು. ಬುಟ್ಟಿಯ ಚೀಟಿ ಮೇಲೆ ತನ್ನದೇ ಹೆಸರು. ಆಕೆಯ ಮೊಗ್ಗು ಸಂಜೆತನಕ ಬಾಡುತ್ತಿರಲಿಲ್ಲ. ಕಂಡವರ ಕಣ್ಣು ಸುಮ್ಮನಿರುತ್ತದೆಯೇ? ಹೂವನ್ನು ಔಷಧದ ನೀರಿಗೆ ಅದ್ದುತ್ತಾಳೆ ಅಂತ ಪುಕಾರು ಎಬ್ಬಿಸಿದರು. ನಾನು ಹೋಗಿ ನೋಡಿ ಬಂದೆ. ಬೆಳಕು ಹರಿಯುವ ಮೊದಲು ಕೀಳುವುದು, ಒದ್ದೆ ಬಟ್ಟೆ ಸುತ್ತುವುದು, ಇಷ್ಟೇ. ಔಷಧದ ಮಾತು ಶುದ್ಧ ಸುಳ್ಳು ಅಂತ ಅರ್ಧ ಸಂಚಿಕೆ ಬರೆದೆ. ಹೆಸರು ಹಾಕಲೇ ಅಂದಾಗ, "ಹಾಕ್ರಿ ಅಕ್ಕಾರ, ನನ್ನ ಹೆಸರು ನಾಕು ಮಂದಿಗಿ ಗೊತ್ತಾಗ್ಲಿ" ಅಂದಿದ್ದಳು.

ಆ ಸಂಚಿಕೆಗೆ ಸಾಹೇಬರು ಐದು ತುಣುಕು ಮಾಡಿದರು. ನಾಲ್ಕನೆಯದರಲ್ಲಿ ಆಕೆಯ ಹೆಸರು, ಅದರ ಮುಂದೆ: "ಇವರ ಮಲ್ಲಿಗೆಗೆ ಔಷಧ ಹಾಕ್ತಾರಂತೆ! ನಿಜವೇ? ತಿಳಿಯಲು ಇಲ್ಲಿ ಒತ್ತಿ." ಎದೆ ಝಲ್ ಅನ್ನಬೇಕಲ್ಲ! ಅದರ ಕೊಂಡಿಯನ್ನು ಆ ಸಂಚಿಕೆಯ ಪುಟಕ್ಕಾದರೂ ಕೊಟ್ಟರೇ? ಇಲ್ಲ. ಸಂಚಿಕೆಯ ವಿಳಾಸ ಉದ್ದ, ಅಕ್ಷರ ತಿನ್ನುತ್ತದೆ ಅಂತ ಸಂಘದ ವೆಬ್‌ಸೈಟಿನ ಮೊದಲ ಪುಟಕ್ಕೇ ಕೊಟ್ಟರು. ಉದ್ದ ವಿಳಾಸವನ್ನು ಗಿಡ್ಡ ಮಾಡಿಕೊಡುವ ತಾಣಗಳಿದ್ದವು. ಅವು ಕೊಡುವ ಅಕ್ಷರಗಳಿಗೆ ಅರ್ಥವೇ ಇರುವುದಿಲ್ಲ, ಸಂಘದ ಮರ್ಯಾದೆಗೆ ಕಡಿಮೆ ಅಂತೆ. ಮರ್ಯಾದೆ ಅಂತೆ!

ಮೊದಲ ಪುಟದಲ್ಲಿ ಯಾವಾಗಲೂ ಹೊಸ ಸಂಚಿಕೆಯೇ ಇರುತ್ತದೆ. ಹಳೆಯದು ಒಳಗೆ ಸರಿಯುತ್ತದೆ. ಸಾಹೇಬರು ನಾಲ್ಕನೆಯ ತುಣುಕಿಗೆ ಕೊಟ್ಟಿದ್ದ ದಿನಕ್ಕೆ ಮುಂದಿನ ಸಂಚಿಕೆ ಬಂದಾಗಿತ್ತು. ಅದರ ತಲೆಬರಹ, "ಮಲ್ಲಿಗೆಗೆ ಔಷಧ ಹೊಡೆಯುವವರೇ, ಎಚ್ಚರ!" ಬೇರೆ ವಿಷಯ, ಬೇರೆ ಊರು. ಆದರೆ ಔಷಧ ಹಾಕ್ತಾರಂತೆ ನಿಜವೇ ಅಂತ ಒತ್ತಿದವನಿಗೆ ಸಿಕ್ಕ ಉತ್ತರ ಅದೇ.

ಅವತ್ತು ಮಧ್ಯಾಹ್ನ ಆಕೆ ಆಫೀಸಿಗೆ ಬಂದಳು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ. ವ್ಯಾಪಾರಿಯ ಮಗ ಕಂಪ್ಯೂಟರಿನಲ್ಲಿ ನೋಡಿ ಅಪ್ಪನಿಗೆ ಓದಿ ಹೇಳಿದ್ದ, ಹೂವು ಒಯ್ಯುವ ಮದುವೆ ಮನೆಯವರೂ ನೋಡಿದ್ದರು. ಬುಟ್ಟಿ ಬಂದ ಬಸ್ಸಿನಲ್ಲೇ ವಾಪಸ್ಸು.

"ಅವ್ವಾರ, ಗಾಬರಿ ಆಗಬ್ಯಾಡ್ರಿ. ಕೊಂಡಿ ಒಂದು ತಪ್ಪೈತಿ, ಅಷ್ಟ" ಅಂದರು ಸಾಹೇಬರು.

"ಕೊಂಡಿ ಚೇಳಿಗಿ ಇರ್ತೈತಲ್ರಿ," ಅಂದಳು ಆಕೆ. "ನನ್ನ ಹೆಸರಿಗ್ಯಾಕ ಕಟ್ಟಿದ್ರಿ?"

ನಾನು ನಗಲಿಲ್ಲ. ತುಣುಕು ಅಳಿಸಿರಿ ಅಂದೆ. ಕರೆಂಟ್ ಇರಲಿಲ್ಲ! ಕರೆಂಟ್ ಇಲ್ಲದೆಯೂ ಹೋಗುವ ತುಣುಕನ್ನು ವಾಪಸ್ಸು ತರಲು ಕರೆಂಟ್ ಬೇಕಂತ ಬೆಂಗಳೂರಿನಲ್ಲಿ ಹೇಳಿಕೊಟ್ಟಿರಲಿಲ್ಲ. ಸಂಜೆ ದೀಪ ಬಂದಾಗ ಅಳಿಸಿದೆವು. ಆ ಹೊತ್ತಿಗೆ ಅದನ್ನು ಮಂದಿ ತಮ್ಮ ತಮ್ಮ ಗೋಡೆಗೆ ಅಂಟಿಸಿಕೊಂಡಿದ್ದರು. ಸಾಹೇಬರು ಪರದೆ ನೋಡಿ ಏನಂದರು ಗೊತ್ತೇ? "ನೋಡ್ರಿ ಅಕ್ಕಾರ, ಇಷ್ಟು ಮಂದಿ ಯಾವತ್ತೂ ಒತ್ತಿದ್ದಿಲ್ಲ." ನನಗೆ ಅವರ ಮುಖಕ್ಕೆ ಉಗಿಯಬೇಕೆನಿಸಿತು. ಆಮೇಲೆ ತಾವೇ ದೊಡ್ಡ ಮನಸ್ಸು ಮಾಡಿ, ತಪ್ಪೊಪ್ಪಿಗೆಯನ್ನೂ ಐದು ತುಣುಕು ಮಾಡೋಣ, ವಾರಕ್ಕೆ ಹಂಚೋಣ ಅಂದರು. ಬೇಡ, ಸ್ಪಷ್ಟವಾಗಿ ಒಂದೇ ಸಾಲು ಇವತ್ತೇ ಹೋಗಬೇಕು, ಅದರ ಕೊಂಡಿ ಸರಿಯಾದ ಪುಟಕ್ಕೇ ಹೋಗಬೇಕು ಅಂತ ಹಟ ಹಿಡಿದು ನಾನೇ ಬರೆದು ಕಳಿಸಿದೆ. ಅದನ್ನು ಒತ್ತಿದವರು ಬೆರಳೆಣಿಕೆಯ ಮಂದಿ. ಪುಕಾರು ಸುಳ್ಳು ಅನ್ನುವುದರಲ್ಲಿ ಯಾರಿಗೆ ಖಾರ ಸಿಗುತ್ತದೆ?

ಮರುದಿನ ಹಳೆಯ ಸಂಚಿಕೆಯನ್ನು ಪ್ರಿಂಟ್ ತೆಗೆದುಕೊಂಡು ಆಕೆಯ ಜೊತೆ ಹರಪನಹಳ್ಳಿಗೆ ಹೋದೆ. ವ್ಯಾಪಾರಿ ಕನ್ನಡಕ ಹಾಕಿಕೊಂಡು, ಗಿರಾಕಿಗಳನ್ನು ನಿಲ್ಲಿಸಿ, ಮೊದಲಿನಿಂದ ಕೊನೆತನಕ ಓದಿದ.

"ಚಲೋ ಬರ್ದೀರಿ," ಅಂದ. "ಈಕಿ ಹೂವು ನನಗೆ ಗೊತ್ತಿಲ್ವೇನ್ರಿ? ಇವತ್ತೇ ಕಳಿಸ್ಲಿ, ತಗೊಂತೀನಿ. ಆದ್ರೆ ಚೀಟಿ ಮೇಲೆ ಈ ಹೆಸರು ಬ್ಯಾಡ. ಗಿರಾಕಿ ಓದಿರೋದು ಒಂದು ಸಾಲು. ಅವರ ಮನೆಮನೆಗೆ ಹೋಗಿ ಈ ಕಾಗದ ಓದಿಸ್ತೀರಾ ನೀವು?"

ನಾನು ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡು ಆಕೆಯ ಕಡೆ ನೋಡಿದೆ. ಆಕೆ ಆಗಲೇ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಳು. ಹಡಗಲಿ ಬಸ್ಸು ಹತ್ತಿ ಕೂತ ಮೇಲೆ, "ಚೀಟಿ ಮ್ಯಾಲೆ ಮೈದುನನ ಹೆಸರು ಬರೀತೀನ್ರಿ, ಮನ್ಯಾಗ ಬ್ಯಾರೆ ಯಾರದೈತಿ. ಹೂವು ಬಾಡೂದು ಕಾಯಂಗಿಲ್ಲ" ಅಂದಳು.

ಮುಂದಿನ ತಿಂಗಳು ಚೀಟಿ ಮೇಲಿನ ಹೆಸರು ನೋಡಿ ಸಾಹೇಬರು ಹೊಸ ತುಣುಕು ಮಾಡಿದರು. ಸಂಜೆತನಕ ಬಾಡದ ಮೊಗ್ಗಿನ ಬೆಳೆಗಾರ ಅಂತ ಮೈದುನನ ಫೋಟೊ, ಪಕ್ಕದಲ್ಲಿ ಆಕೆಯ ಬುಟ್ಟಿ. ಕೊಂಡಿ ಈ ಸಲ ಸರಿಯಾಗಿತ್ತು.